ಬೆಳೆಯದೆ ಬಂದ ಗಂಟು: ಹೆಬ್ಬೆರಳ ಕೋನಗಳ ಕತೆ

ಕಾಲಿನ ಹೆಬ್ಬೆರಳು ವರ್ಷದಿಂದ ವರ್ಷಕ್ಕೆ ಪಕ್ಕದ ಬೆರಳಿನ ಕಡೆ ವಾಲುತ್ತದೆ. ಅದರ ಬುಡದಲ್ಲಿ, ಪಾದದ ಒಳಅಂಚಿನಲ್ಲಿ, ಕೆಂಪಗಿನ ಗಂಟೊಂದು ಎದ್ದು ನಿಲ್ಲುತ್ತದೆ. ಚಪ್ಪಲಿಯ ಪಟ್ಟಿ ಸರಿಯಾಗಿ ಅಲ್ಲಿಗೇ ಉಜ್ಜಿ ನೋವು ಕೊಡುತ್ತದೆ. ಅದನ್ನು ಕಂಡವರಿಗೆಲ್ಲ ಮೊದಲು ಅನಿಸುವುದು ಅಲ್ಲಿ ಮೂಳೆ ಬೆಳೆದಿದೆ ಎಂದು. ಹತ್ತೊಂಬತ್ತನೆಯ ಶತಮಾನದ ಶಸ್ತ್ರವೈದ್ಯರಿಗೂ ಹಾಗೇ ಅನಿಸಿತ್ತು. ಆದ್ದರಿಂದ ಅವರು ಗಂಟನ್ನು ಕೆತ್ತಿ ತೆಗೆಯುತ್ತಿದ್ದರು. ಗಾಯ ಮಾಯುತ್ತಿತ್ತು, ಆದರೆ ಬೆರಳು ವಾಲುವುದು ನಿಲ್ಲುತ್ತಿರಲಿಲ್ಲ. ಕೆಲವು ವರ್ಷಗಳಲ್ಲಿ ಗಂಟು ಮತ್ತೆ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತಿತ್ತು.

ಆ ಗಂಟು ಬಹುಪಾಲು ಬೆಳೆದದ್ದಲ್ಲ, ತನ್ನ ಜಾಗ ಬಿಟ್ಟು ಸರಿದ ಮೂಳೆಯೇ ಹಾಗೆ ಕಾಣುತ್ತಿದೆ ಎಂದು ತಿಳಿಯಲು, ಎಷ್ಟು ಸರಿದಿದೆ ಮತ್ತು ಎಲ್ಲಿಂದ ಸರಿದಿದೆ ಎಂದು ಅಳೆಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೊದಲ ಹೆಜ್ಜೆ ಜರ್ಮನಿಯ ಕಾರ್ಲ್ ಹ್ಯೂಟರ್ ಅವರದು. 1870ರ ಸುಮಾರಿಗೆ ಅವರು ಈ ತೊಂದರೆಗೆ ಹ್ಯಾಲಕ್ಸ್ ವ್ಯಾಲ್ಗಸ್ ಎಂಬ ಹೆಸರು ಕೊಟ್ಟರು. ಹೊರಕ್ಕೆ ವಾಲಿದ ಹೆಬ್ಬೆರಳು ಎಂದು ಅದರ ಅರ್ಥ. ಗಂಟಿನ ಮೇಲಿದ್ದ ಕಣ್ಣನ್ನು ಈ ಹೆಸರು ಕೀಲಿನ ಕಡೆಗೆ ತಿರುಗಿಸಿತು. 1881ರಲ್ಲಿ ಜಿನೀವಾದ ಝಾಕ್-ಲೂಯಿ ರೆವರ್ಡಾಂ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೆಬ್ಬೆರಳಿಗೆ ಆಸರೆಯಾಗಿ ಪಾದದೊಳಗೆ ಇರುವ ಉದ್ದನೆಯ ಮೂಳೆಗೆ ಮೊದಲ ಮೆಟಾಟಾರ್ಸಲ್ ಎನ್ನುತ್ತಾರೆ. ರೆವರ್ಡಾಂ ಗಂಟನ್ನು ತೆಗೆದು ಸುಮ್ಮನಾಗಲಿಲ್ಲ. ಆ ಮೂಳೆಯ ತಲೆಯ ಹಿಂದೆ, ಪಾದದ ಒಳಅಂಚಿನ ಕಡೆಯಿಂದ, ಬೆಣೆಯಾಕಾರದ ಒಂದು ತುಂಡನ್ನು ಕೊಯ್ದು ತೆಗೆದು ಖಾಲಿ ಜಾಗವನ್ನು ಮುಚ್ಚಿದರು. ಮೂಳೆಯ ತಲೆ ತಿರುಗಿತು, ಅದರೊಂದಿಗೆ ಬೆರಳೂ ನೆಟ್ಟಗಾಯಿತು. ಮೂಳೆಯನ್ನು ಹೀಗೆ ಕೊಯ್ದು, ದಿಕ್ಕು ತಿದ್ದಿ, ಮತ್ತೆ ಕೂಡುವಂತೆ ಮಾಡುವುದಕ್ಕೆ ಆಸ್ಟಿಯಾಟಮಿ ಎನ್ನುತ್ತಾರೆ.

ಆದರೆ ರೆವರ್ಡಾಂ ಅವರ ಕಾಲಕ್ಕೆ ಎಕ್ಸ್‌ರೇ ಇರಲಿಲ್ಲ. ರಾಂಟ್‌ಜೆನ್ ಅದನ್ನು ಕಂಡದ್ದು 1895ರಲ್ಲಿ. ಆಮೇಲೆ ಪಾದದ ಚಿತ್ರಗಳು ಬಂದಾಗ ಹೊರಗಿನಿಂದ ಕಾಣದ ಸಂಗತಿ ಕಂಡಿತು. ಹೆಬ್ಬೆರಳು ಕಿರುಬೆರಳ ಕಡೆಗೆ ವಾಲಿದ್ದರೆ, ಅದರ ಹಿಂದಿನ ಮೆಟಾಟಾರ್ಸಲ್ ಮೂಳೆ ಅದಕ್ಕೆ ವಿರುದ್ಧವಾಗಿ, ಇನ್ನೊಂದು ಪಾದದ ಕಡೆಗೆ ಓರೆಯಾಗಿತ್ತು. ಮೊದಲ ಮತ್ತು ಎರಡನೆಯ ಮೆಟಾಟಾರ್ಸಲ್‌ಗಳು ಕತ್ತರಿಯ ಬಾಯಿಯಂತೆ ತೆರೆದುಕೊಂಡಿದ್ದವು. ಹೊರಗೆ ಗಂಟಾಗಿ ಕಾಣುತ್ತಿದ್ದದ್ದು ಹಾಗೆ ಸರಿದ ಮೂಳೆಯ ತಲೆ. 1925ರಲ್ಲಿ ಅಮೆರಿಕದ ವಾಲ್ಟರ್ ಟ್ರಸ್ಲೋ ರೋಗದ ಹೆಸರನ್ನೇ ಪ್ರಶ್ನಿಸಿದರು. ಓರೆಯಾಗಿರುವುದು ಮೆಟಾಟಾರ್ಸಲ್ ಮೂಳೆಯಾದರೆ ಹೆಬ್ಬೆರಳ ಹೆಸರೇಕೆ ಎಂದು ಕೇಳಿದರು. 1934ರಲ್ಲಿ ನ್ಯೂಯಾರ್ಕಿನ ಪಾಲ್ ಲ್ಯಾಪಿಡಸ್ ಇದೇ ದಾರಿಯಲ್ಲಿ ಮುಂದೆ ಹೋಗಿ, ಆ ಮೂಳೆಯ ಬುಡದ ಕೀಲನ್ನೇ ಸರಿಯಾದ ಕೋನಕ್ಕೆ ತಂದು ಶಾಶ್ವತವಾಗಿ ಬೆಸೆಯುವ ವಿಧಾನವನ್ನು ವಿವರಿಸಿದರು.

ಮೂಳೆ ಯಾಕೆ ಸರಿಯುತ್ತದೆ? ಮೊದಲ ಮೆಟಾಟಾರ್ಸಲ್‌ನ ತಲೆಗೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಅದು ಸುತ್ತಲಿನ ಕಟ್ಟುಗಳ ನಡುವೆ ತೂಗಿಕೊಂಡಂತೆ ಇದೆ. ಅದರ ಅಡಿಯಲ್ಲಿ ಎರಡು ಪುಟ್ಟ ಮೂಳೆಗಳಿವೆ. ಎಳ್ಳಿನ ಕಾಳಿಗೆ ಹೋಲಿಸಿ ಇವುಗಳಿಗೆ ಸೆಸಮಾಯ್ಡ್ ಎಂದು ಹೆಸರಿಟ್ಟಿದ್ದಾರೆ. ಇವು ತಲೆಯ ಅಡಿಯ ಎರಡು ತೋಡುಗಳಲ್ಲಿ ಕೂತು, ಹಳಿಯ ಮೇಲಿನ ಗಾಲಿಗಳಂತೆ ಹಿಂದೆ ಮುಂದೆ ಜಾರುತ್ತವೆ. ಒಳಅಂಚಿನ ಕಟ್ಟು ಸಡಿಲವಾದರೆ ಮೂಳೆಯ ತಲೆ ಈ ಎಳ್ಳುಮೂಳೆಗಳನ್ನು ಬಿಟ್ಟು ಪಕ್ಕಕ್ಕೆ ಜಾರುತ್ತದೆ. ಎಳ್ಳುಮೂಳೆಗಳು ಪಕ್ಕದ ಮೆಟಾಟಾರ್ಸಲ್‌ಗೆ ಬಲವಾದ ಕಟ್ಟಿನಿಂದ ಬಿಗಿದಿರುವುದರಿಂದ ಇದ್ದಲ್ಲೇ ಇರುತ್ತವೆ. ಎಕ್ಸ್‌ರೇಯಲ್ಲಿ ಅವೇ ಸರಿದಂತೆ ಕಂಡರೂ ಸರಿದದ್ದು ಅವುಗಳ ಮೇಲಿನ ಮೂಳೆ.

ಒಮ್ಮೆ ಬೆರಳು ವಾಲಿತೆಂದರೆ ಅದನ್ನು ಎತ್ತುವ ಮತ್ತು ಮಡಚುವ ಸ್ನಾಯುರಜ್ಜುಗಳು ನೇರ ದಾರಿ ಬಿಟ್ಟು ಬಿಲ್ಲಿನ ಹೆದೆಯಂತೆ ಒಂದು ಪಕ್ಕಕ್ಕೆ ಬಿಗಿಯುತ್ತವೆ. ಅಲ್ಲಿಂದ ಪ್ರತಿ ಹೆಜ್ಜೆಯೂ ಬೆರಳನ್ನು ಕಿರುಬೆರಳ ಕಡೆಗೆ ಎಳೆಯುತ್ತದೆ, ಬೆರಳಿನ ಬುಡ ಮೂಳೆಯ ತಲೆಯನ್ನು ಆಚೆಗೆ ತಳ್ಳುತ್ತದೆ. ವಾಲುವುದೂ ಸರಿಯುವುದೂ ಒಂದನ್ನೊಂದು ಬೆಳೆಸುತ್ತವೆ. ಈ ಸರಪಳಿಗೆ ಪಾದರಕ್ಷೆಯ ಪಾಲೂ ಇದೆ. 1958ರಲ್ಲಿ ಲಾಮ್ ಸಿಮ್-ಫುಕ್ ಮತ್ತು ಹಾಡ್ಜ್‌ಸನ್ ಹಾಂಗ್‌ಕಾಂಗ್‌ನ ಚೀನೀ ಜನರ ಪಾದಗಳನ್ನು ಹೋಲಿಸಿ ನೋಡಿದರು. ಶೂ ಹಾಕುವವರಲ್ಲಿ ನೂರಕ್ಕೆ 33 ಮಂದಿಗೆ ಈ ತೊಂದರೆ ಇತ್ತು, ಬರಿಗಾಲಲ್ಲಿ ಓಡಾಡುವವರಲ್ಲಿ ನೂರಕ್ಕೆ ಇಬ್ಬರಿಗಿಂತ ಕಡಿಮೆ. ಹಾಗೆಂದು ಶೂ ಹಾಕಿದವರಿಗೆಲ್ಲ ಬರುವುದೂ ಇಲ್ಲ. ಹುಟ್ಟಿನಿಂದ ಬಂದ ಮೂಳೆಯ ಆಕಾರದ ಪಾತ್ರವೂ ಇದೆ.

ಆದರೆ ಎಷ್ಟು ಓರೆಯಾದರೆ ಅದು ರೋಗ? 1951ರಲ್ಲಿ ಇಂಗ್ಲೆಂಡಿನ ಹಾರ್ಡಿ ಮತ್ತು ಕ್ಲಾಫಮ್ ಇದಕ್ಕೆ ಉತ್ತರ ಹುಡುಕಿದರು. ತೊಂದರೆ ಇರುವ ಪಾದಗಳ ಜೊತೆಗೆ ತೊಂದರೆ ಇಲ್ಲದ ಪಾದಗಳ ಎಕ್ಸ್‌ರೇಗಳನ್ನೂ ಅಳೆದದ್ದು ಅವರ ದೊಡ್ಡ ಕೆಲಸ. ಮುಖ್ಯವಾಗಿ ಎರಡು ಕೋನಗಳನ್ನು ತೆಗೆದುಕೊಂಡರು. ಒಂದು, ಬೆರಳಿಗೂ ಅದರ ಮೆಟಾಟಾರ್ಸಲ್‌ಗೂ ನಡುವಿನದು. ಇದನ್ನು ವಾಲುಕೋನ ಎನ್ನೋಣ. ಇನ್ನೊಂದು, ಮೊದಲ ಮತ್ತು ಎರಡನೆಯ ಮೆಟಾಟಾರ್ಸಲ್‌ಗಳ ನಡುವಿನದು. ಇದು ಕತ್ತರಿಕೋನ. ಸಾಮಾನ್ಯ ಪಾದಗಳಲ್ಲಿ ಇವುಗಳ ಸರಾಸರಿ 15.7 ಮತ್ತು 8.5 ಡಿಗ್ರಿ, ರೋಗದ ಪಾದಗಳಲ್ಲಿ 32 ಮತ್ತು 13 ಡಿಗ್ರಿ. ಎಳ್ಳುಮೂಳೆಯ ಸ್ಥಾನವನ್ನೂ ಅವರು ಏಳು ಮಟ್ಟಗಳಾಗಿ ವಿಂಗಡಿಸಿದರು. ಇಂದು ವಾಲುಕೋನ ಸುಮಾರು 15, ಕತ್ತರಿಕೋನ ಸುಮಾರು 9 ಡಿಗ್ರಿಯೊಳಗಿದ್ದರೆ ಸಾಮಾನ್ಯ ಎನ್ನುತ್ತಾರೆ. ಈ ಎಕ್ಸ್‌ರೇಯನ್ನು ರೋಗಿ ನಿಂತು, ಪಾದದ ಮೇಲೆ ಭಾರ ಬಿಟ್ಟಾಗ ತೆಗೆಯಬೇಕು. ಮಲಗಿಸಿ ತೆಗೆದರೆ ಕತ್ತರಿಯ ಬಾಯಿ ಮುಚ್ಚಿಕೊಂಡು ಕೋನ ಕಡಿಮೆ ಕಾಣುತ್ತದೆ.

1960ರಲ್ಲಿ ಪಿಗಟ್ ಹದಿಹರೆಯದವರ ಪಾದಗಳನ್ನು ನೋಡಿ ಮತ್ತೊಂದು ಭೇದ ಗುರುತಿಸಿದರು. ಕೆಲವರಲ್ಲಿ ಬೆರಳು ವಾಲಿದ್ದರೂ ಕೀಲಿನ ಎರಡು ಮುಖಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡೇ ಇರುತ್ತವೆ. ಅಂಥವರಲ್ಲಿ ಕೀಲು ಜಾರಿಲ್ಲ. ಮೂಳೆಯ ತಲೆಯ ನುಣುಪು ಮುಖವೇ ಕಿರುಬೆರಳ ಕಡೆ ನೋಡುತ್ತಿದೆ. ಈ ನೋಟದ ಓರೆಗೆ ಮುಖಕೋನ ಎನ್ನೋಣ. ಸಾಮಾನ್ಯವಾಗಿ ಅದು 10 ಡಿಗ್ರಿಯೊಳಗೆ ಇರುತ್ತದೆ.

ಅಲ್ಲಿಗೆ ಕೋನಗಳು ಸಿಕ್ಕಿದ್ದವು, ಕೊಯ್ಯುವ ಜಾಗ ನಿರ್ಧಾರವಾಗಬೇಕಿತ್ತು. ಅಮೆರಿಕದ ಪಾದವೈದ್ಯ ಡೇಲ್ ಆಸ್ಟಿನ್ 1962ರಲ್ಲಿ ಮೂಳೆಯ ತಲೆಯನ್ನು ಪಕ್ಕದಿಂದ ಸುಮಾರು 60 ಡಿಗ್ರಿಯ ವಿ ಆಕಾರದಲ್ಲಿ ಕೊಯ್ದು, ತಲೆಯ ತುಂಡನ್ನು ಎರಡನೆಯ ಬೆರಳ ಕಡೆಗೆ ಸರಿಸಿದರು. ವಿ ಆಕಾರದ ಕಾರಣ ತುಂಡು ಮೇಲೆ ಕೆಳಗೆ ಅಲುಗುವುದಿಲ್ಲ. ಒಳಗಿನ ಮೂಳೆ ಸ್ಪಂಜಿನಂತಿರುವುದರಿಂದ ಬೇಗ ಕೂಡುತ್ತದೆ. ಹೆಡ್ ಕಾನ್‌ಸ್ಟೇಬಲ್‌ಗಳ ತೋಳಿನ ವಿ ಪಟ್ಟಿಗೆ ಇಂಗ್ಲಿಷಿನಲ್ಲಿರುವ ಹೆಸರೇ ಈ ಕೊಯ್ತಕ್ಕೂ ಬಂತು: ಶೆವ್ರಾನ್.

ಇದರ ಮಿತಿಯನ್ನು ಸರಳ ಲೆಕ್ಕವೇ ಹೇಳುತ್ತದೆ. ಆ ಮೂಳೆಯ ಉದ್ದ ಸುಮಾರು 60 ಮಿ.ಮೀ. ಅಷ್ಟುದ್ದದ ಕೋಲಿನ ತುದಿ ಒಂದು ಮಿ.ಮೀ. ಸರಿದರೆ ಅದರ ದಿಕ್ಕು ಹೆಚ್ಚುಕಡಿಮೆ ಒಂದು ಡಿಗ್ರಿ ಬದಲಾಗುತ್ತದೆ. ತಲೆಯ ಅಗಲ ಸುಮಾರು 20 ಮಿ.ಮೀ. ಅರ್ಧಕ್ಕಿಂತ ಹೆಚ್ಚು ಸರಿಸಿದರೆ ತುಂಡುಗಳು ಒಂದರ ಮೇಲೊಂದು ನಿಲ್ಲಲು ಜಾಗ ಸಾಲದು.

ಮೂರು ಪಾದಗಳನ್ನು ಕಲ್ಪಿಸಿಕೊಳ್ಳೋಣ. ಮೂರರಲ್ಲೂ ವಾಲುಕೋನ 32 ಡಿಗ್ರಿ, ಹೊರಗಿನಿಂದ ನೋಡಲು ಮೂರೂ ಒಂದೇ. ಮೊದಲನೆಯದರ ಕತ್ತರಿಕೋನ 13, ಮುಖಕೋನ 8. ಶೆವ್ರಾನ್ ಮಾಡಿ ತಲೆಯನ್ನು 5 ಮಿ.ಮೀ. ಸರಿಸಿದರೆ ಕತ್ತರಿಕೋನ 8ಕ್ಕೆ ಬರುತ್ತದೆ. ಕಾಲು ಭಾಗ ಮಾತ್ರ ಸರಿದಿರುವುದರಿಂದ ಮೂಳೆ ಗಟ್ಟಿಯಾಗಿ ನಿಲ್ಲುತ್ತದೆ.

ಎರಡನೆಯ ಪಾದದ ಕತ್ತರಿಕೋನ 18, ಮುಖಕೋನ 8. ಇಲ್ಲಿ ತಲೆಯನ್ನು 10 ಮಿ.ಮೀ., ಅಂದರೆ ಅರ್ಧದಷ್ಟು ಸರಿಸಬೇಕು. ಮಿತಿ ಮುಟ್ಟಿತು. ಸರಿಸಲು ಹೆದರಿ ಕಡಿಮೆ ಸರಿಸಿದರೆ ಓರೆ ಉಳಿದು ಗಂಟು ಮರಳುತ್ತದೆ. ಇದಕ್ಕೆ ಬುಡದಲ್ಲಿ ಕೊಯ್ದು ಇಡೀ ಮೂಳೆಯನ್ನು ತಿರುಗಿಸುವುದು ಮೇಲು, ಬುಡದ ಕೀಲು ಸಡಿಲವಾಗಿದ್ದರೆ ಲ್ಯಾಪಿಡಸ್ ಅವರ ಬೆಸುಗೆ. ಬುಡದಲ್ಲಿ 10 ಡಿಗ್ರಿ ತಿರುಗಿಸಿದರೆ ತುದಿ ತಾನಾಗಿ 10 ಮಿ.ಮೀ. ಸರಿಯುತ್ತದೆ. ಆದರೆ ಎರಡು ಬೆಲೆ ತೆರಬೇಕು. ಕೊಯ್ತ ಅಷ್ಟು ಸ್ಥಿರವಲ್ಲ. ತುದಿ ಮೇಲೆದ್ದು ಕೂಡಿಕೊಂಡರೆ ಹೆಬ್ಬೆರಳ ಪಾಲಿನ ಭಾರ ಎರಡನೆಯ ಮೆಟಾಟಾರ್ಸಲ್ ಮೇಲೆ ಬಿದ್ದು, ಅದರ ತಲೆಯ ಕೆಳಗೆ ಆಣಿ ಕಟ್ಟಿ ನೋಯುತ್ತದೆ. ಜೊತೆಗೆ ಮೂಳೆ ತಿರುಗಿದಷ್ಟು ಅದರ ಮುಖವೂ ಕಿರುಬೆರಳ ಕಡೆ ತಿರುಗಿ ಮುಖಕೋನ ಹೆಚ್ಚುತ್ತದೆ.

ಮೂರನೆಯದು ಹದಿಹರೆಯದ ಪಾದ: ಕತ್ತರಿಕೋನ 12, ಮುಖಕೋನ 22, ಕೀಲು ಹೊಂದಿಕೊಂಡೇ ಇದೆ. ಇಲ್ಲಿ ಬೆರಳನ್ನು ಮಾತ್ರ ಎಳೆದು ನೇರ ಮಾಡಿದರೆ ಸರಿಯಿದ್ದ ಕೀಲು ಕೆಡುತ್ತದೆ. ಬುಡದಲ್ಲಿ ತಿರುಗಿಸಿದರೆ ಮುಖದ ಓರೆ ಮತ್ತಷ್ಟು ಹೆಚ್ಚುತ್ತದೆ. ಶೆವ್ರಾನ್‌ನಲ್ಲಿ ತಲೆಯನ್ನು ಸರಿಸುವುದರ ಜೊತೆಗೆ ಸಣ್ಣ ಬೆಣೆ ತೆಗೆದು ಮುಖವನ್ನು ನೇರಕ್ಕೆ ತರಬೇಕು. ಎಕ್ಸ್‌ರೇ ಇಲ್ಲದ ಕಾಲದಲ್ಲಿ ರೆವರ್ಡಾಂ ಕೊಯ್ದ ಬೆಣೆ ಸರಿಯಾಗಿ ಒಗ್ಗುವುದು ಇಂಥ ಪಾದಕ್ಕೆ.

ಆದರೆ ಎಕ್ಸ್‌ರೇ ತೋರುವುದು ನೆರಳನ್ನು. ಮೂಳೆ ಪಕ್ಕಕ್ಕೆ ಸರಿಯುವುದರ ಜೊತೆಗೆ ತನ್ನ ಉದ್ದಕ್ಕೂ ಹೊರಳುತ್ತದೆ. 2007ರಲ್ಲಿ ಜಪಾನಿನ ಒಕುಡಾ ಮತ್ತು ಸಂಗಡಿಗರು, ಎಕ್ಸ್‌ರೇಯಲ್ಲಿ ತಲೆಯ ಹೊರಅಂಚು ದುಂಡಗೆ ಕಂಡವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ತೊಂದರೆ ಮರಳುವುದು ಹೆಚ್ಚು ಎಂದು ತೋರಿಸಿದರು. ಆ ದುಂಡು ಹೊರಳಿದ ಮೂಳೆಯ ಗುರುತು. 2015ರಲ್ಲಿ ಕೊರಿಯಾದ ಕಿಮ್ ಮತ್ತು ಸಂಗಡಿಗರು ಸಿಟಿ ಸ್ಕ್ಯಾನ್‌ನಲ್ಲಿ ನೋಡಿದಾಗ ರೋಗದ ಪಾದಗಳಲ್ಲಿ ನೂರಕ್ಕೆ 87ರಷ್ಟರಲ್ಲಿ ಮೂಳೆ ಹೀಗೆ ಹೊರಳಿತ್ತು. ಹೊರಳಿದ ಮೂಳೆಯ ನೆರಳಿನಲ್ಲಿ ಮುಖಕೋನ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣಬಹುದು, ಜಾಗದಲ್ಲೇ ಇರುವ ಎಳ್ಳುಮೂಳೆ ಸರಿದಂತೆ ಕಾಣಬಹುದು. ಆದ್ದರಿಂದ ಈಗ ಕೋನಗಳ ಜೊತೆ ಹೊರಳನ್ನೂ ನೋಡಿ ತಿದ್ದುತ್ತಾರೆ. ಬುಡದಲ್ಲಿ ಮಾಡುವ ಬೆಸುಗೆಯಲ್ಲಿ ಅದನ್ನು ತಿದ್ದುವುದು ಸುಲಭ.

ನೋವಿಲ್ಲದ ಗಂಟಿಗೆ ಅಂದಕ್ಕಾಗಿ ಕತ್ತಿ ಬೇಡ. ಅಗಲ ಮೂತಿಯ ಪಾದರಕ್ಷೆ ಸಾಕು. ನೋವಿದ್ದು ಶಸ್ತ್ರಚಿಕಿತ್ಸೆ ಬೇಕೆಂದಾದರೆ, ನಿಂತು ತೆಗೆಸಿದ ಎಕ್ಸ್‌ರೇ ಮುಂದಿಟ್ಟು ವೈದ್ಯರನ್ನು ಹೀಗೆ ಕೇಳಿ: ನನ್ನ ಮೂಳೆ ಎಷ್ಟು ಡಿಗ್ರಿ ಓರೆಯಾಗಿದೆ, ಓರೆ ಇರುವುದು ತುದಿಯಲ್ಲೋ ಬುಡದಲ್ಲೋ, ಕೊಯ್ಯುವುದು ಎಲ್ಲಿ? ಗಂಟನ್ನು ಕೆತ್ತಿಬಿಟ್ಟರೆ ಸಾಕು ಎಂಬ ಉತ್ತರ ಬಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.