@ ಚಿಹ್ನೆಯ ಎಡಕ್ಕೊಂದು ನ್ಯಾಯ, ಬಲಕ್ಕೊಂದು ನ್ಯಾಯ

ಮಂಜುನಾಥ ಭಟ್ಟ ಎಂಬುವರೊಬ್ಬರು ಜಿಮೇಲ್ ಖಾತೆ ತೆರೆಯುವಾಗ @ ಚಿಹ್ನೆಯ ಹಿಂದೆ manjunathbhat ಎಂದು ಹಾಕಿಕೊಂಡಿದ್ದರು ಎಂದಿಟ್ಟುಕೊಳ್ಳೋಣ. ಬ್ಯಾಂಕಿನ ಅರ್ಜಿಯಲ್ಲಿ ಚೌಕಕ್ಕೊಂದರಂತೆ ಕ್ಯಾಪಿಟಲ್ ಅಕ್ಷರಗಳಲ್ಲಿ MANJUNATHBHAT ಎಂದು ತುಂಬಿದರು. ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿದವನು ಅಂದಕ್ಕಿರಲಿ ಎಂದು ನಡುವೆ ಒಂದು ಚುಕ್ಕಿ ಇಟ್ಟು manjunath.bhat ಮಾಡಿಬಿಟ್ಟ. ಹಾಗಿದ್ದೂ ಬ್ಯಾಂಕಿನ ಸ್ಟೇಟ್‌ಮೆಂಟು, ಕಾರ್ಡ್ ನೋಡಿ ಬರೆದವರ ಪತ್ರ ಎರಡೂ ಅವರ ಇನ್‌ಬಾಕ್ಸಿಗೇ ಬಂದು ಬೀಳುತ್ತವೆ. ಒಂದು ದಿನ ಮಾತ್ರ ಯಾರದೋ ವಿಮಾನದ ಟಿಕೆಟ್ಟೂ ಅದೇ ಇನ್‌ಬಾಕ್ಸಿಗೆ ಬರುತ್ತದೆ. ಹೆಸರು ಮಂಜುನಾಥ ಭಟ್ಟ ಎಂದೇ ಇದೆ, ಆದರೆ ಪ್ರಯಾಣಿಕ ಇವರಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ತೆಗೆಯುವ ತೀರ್ಮಾನ ಒಂದೇ: ‘ಚುಕ್ಕಿ ಇರುವ ವಿಳಾಸ ಇನ್ನೊಬ್ಬ ಭಟ್ಟರದು, ಚುಕ್ಕಿ ಇಲ್ಲದ್ದು ನನ್ನದು. ಗೂಗಲ್‌ನವರು ಎರಡನ್ನೂ ಕಲಸಿಬಿಟ್ಟಿದ್ದಾರೆ.’ ಇದು ತಪ್ಪು ತೀರ್ಮಾನ. ಯಾಕೆಂದು ತಿಳಿಯಬೇಕಾದರೆ ವಿಳಾಸವನ್ನು ಯಾರು ಓದುತ್ತಾರೆ ಎಂಬುದನ್ನು ನೋಡಬೇಕು.

ಇಮೇಲ್ ವಿಳಾಸಕ್ಕೆ ಎರಡು ಭಾಗ. @ ಚಿಹ್ನೆಯ ಬಲಕ್ಕಿರುವುದು ಡೊಮೈನ್, ಎಡಕ್ಕಿರುವುದು ಅಲ್ಲಿನ ಪೆಟ್ಟಿಗೆಯ ಹೆಸರು. ಅಂಚೆಯಲ್ಲಿ ಪಿನ್‌ಕೋಡ್ ನೋಡಿ ಪತ್ರವನ್ನು ಊರಿಗೆ ಮುಟ್ಟಿಸುವವರು ಬೇರೆ, ಊರೊಳಗೆ ಇದು ಯಾರ ಮನೆಯದು ಎಂದು ನಿರ್ಧರಿಸುವ ಪೋಸ್ಟ್‌ಮನ್ ಬೇರೆ. ಇಲ್ಲೂ ಹಾಗೆಯೇ. ಪತ್ರ ಕಳಿಸುವ ಸರ್ವರ್ ನೋಡುವುದು ಬಲಭಾಗವನ್ನು ಮಾತ್ರ. ಎಡಭಾಗಕ್ಕೆ ಅರ್ಥ ಕಟ್ಟುವ ಹಕ್ಕು ಆ ಡೊಮೈನ್ ನಡೆಸುವವರದು, ನಡುವೆ ಬೇರೆ ಯಾರೂ ಅದನ್ನು ತಿದ್ದಕೂಡದು, ಊಹಿಸಲೂ ಕೂಡದು. ಇಂಟರ್‌ನೆಟ್ ಅಂಚೆಯ ನಿಯಮದಲ್ಲೇ ಇದು ಬರೆದಿದೆ.

ಕ್ಯಾಪಿಟಲ್ ಅಕ್ಷರಗಳ ಕಥೆ ಆ ನಿಯಮದಷ್ಟೇ ಹಳೆಯದು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಮೂಲ ನಿಯಮಾವಳಿ, ಕೆಲವು ಕಂಪ್ಯೂಟರುಗಳಲ್ಲಿ ಬಳಕೆದಾರರ ಹೆಸರಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆಯಾದ್ದರಿಂದ ಎಡಭಾಗವನ್ನು ಇದ್ದ ಹಾಗೆಯೇ ದಾಟಿಸಬೇಕು ಎನ್ನುತ್ತದೆ. ಕಂಪ್ಯೂಟರಿನ ಹೆಸರಿಗೆ, ಅಂದರೆ ಬಲಭಾಗಕ್ಕೆ, ಆ ಭೇದವಿಲ್ಲ. ಹೀಗಾಗಿ ಕಾಗದದ ಮೇಲೆ ನೋಡಿದರೆ Bhat ಮತ್ತು bhat ಇಂದಿಗೂ ಇಬ್ಬರಾಗಬಹುದು. 2008ರ ಪರಿಷ್ಕೃತ ನಿಯಮವೂ ಅದನ್ನು ಅಳಿಸಿಲ್ಲ, ಆದರೆ ಆ ಭೇದವನ್ನು ಬಳಸಿಕೊಳ್ಳಬೇಡಿ, ಪತ್ರಗಳು ತಲುಪುವುದಿಲ್ಲ ಎಂದು ಬುದ್ಧಿ ಹೇಳಿದೆ. ಒಂದೇ ಒಂದು ಹೆಸರಿಗೆ ಮಾತ್ರ ವಿನಾಯಿತಿ: postmaster ಎಂಬ ವಿಳಾಸವನ್ನು ಯಾವ ಅಕ್ಷರದಲ್ಲಿ ಬರೆದರೂ ಸರ್ವರ್ ಒಪ್ಪಲೇಬೇಕು. ದೂರು ಹೇಳಲು ಒಂದು ಬಾಗಿಲಾದರೂ ತೆರೆದಿರಲಿ ಎಂದು.

ರೂಢಿಯಲ್ಲಿ ಜಿಮೇಲ್, ಔಟ್‌ಲುಕ್, ಯಾಹೂ ಎಲ್ಲವೂ ದೊಡ್ಡ ಅಕ್ಷರವನ್ನು ಸಣ್ಣದೆಂದೇ ಓದಿಕೊಳ್ಳುತ್ತವೆ. ಮೊಬೈಲ್ ಕೀಬೋರ್ಡ್ ಮೊದಲ ಅಕ್ಷರವನ್ನು ತಾನಾಗಿಯೇ ಕ್ಯಾಪಿಟಲ್ ಮಾಡುವ ಈ ಕಾಲದಲ್ಲಿ ಅದೊಂದು ಪುಣ್ಯ.

ಚುಕ್ಕಿಯ ವಿಷಯದಲ್ಲಿ ಇಷ್ಟು ಒಮ್ಮತವಿಲ್ಲ. gmail.com ವಿಳಾಸದಲ್ಲಿ ಎಡಭಾಗದ ಚುಕ್ಕಿಗಳನ್ನು ಗೂಗಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. manjunathbhat ಎಂಬುದರಲ್ಲಿ 13 ಅಕ್ಷರ, ನಡುವೆ 12 ಸಂದು. ಪ್ರತಿ ಸಂದಿನಲ್ಲೂ ಚುಕ್ಕಿ ಇರಬಹುದು, ಇಲ್ಲದಿರಬಹುದು. ಎರಡನ್ನು ಹನ್ನೆರಡು ಸಲ ಗುಣಿಸಿದರೆ 4,096. ಅಷ್ಟೂ ರೂಪಗಳಿಗೆ ಒಡೆಯ ಒಬ್ಬರೇ. ಒಬ್ಬರು ಒಂದು ರೂಪ ಪಡೆದರೆ ಉಳಿದ ಯಾವ ರೂಪವನ್ನೂ ಗೂಗಲ್ ಇನ್ನೊಬ್ಬರಿಗೆ ಕೊಡುವುದಿಲ್ಲ.

ಇದು ಜಿಮೇಲ್ ತನ್ನ ಮನೆಯೊಳಗೆ ಮಾಡಿಕೊಂಡ ಏರ್ಪಾಡು. ಔಟ್‌ಲುಕ್ ಮತ್ತು ಯಾಹೂಗಳಲ್ಲಿ ಚುಕ್ಕಿಗೆ ಬೆಲೆಯಿದೆ, ಅಲ್ಲಿ ಚುಕ್ಕಿ ಬಿಟ್ಟರೆ ಪತ್ರ ಬೇರೊಬ್ಬರಿಗೆ ಹೋಗಬಹುದು. ಇನ್ನೂ ಸೋಜಿಗವೆಂದರೆ ಕಾಲೇಜು, ಕಂಪನಿಗಳು ಸ್ವಂತ ಡೊಮೈನ್ ಇಟ್ಟುಕೊಂಡು ಗೂಗಲ್‌ನದೇ ಅಂಚೆ ಸೇವೆ ಬಳಸುವಾಗಲೂ ಚುಕ್ಕಿ ಲೆಕ್ಕಕ್ಕೆ ಬರುತ್ತದೆ. ಪರದೆ ನೋಡಲು ಜಿಮೇಲ್‌ನಂತೆಯೇ ಇರುತ್ತದೆ, ಕಾನೂನು ಮಾತ್ರ ಬೇರೆ.

ಹಾಗಾದರೆ ಆ ಟಿಕೆಟ್ ಬಂದದ್ದು ಹೇಗೆ? ಪತ್ರದ To ಸಾಲನ್ನು ಬಿಡಿಸಿ ನೋಡಿದರೆ ಅಲ್ಲಿ manjunath.bhat ಎಂದಿದೆ. ಚುಕ್ಕಿ ತೆಗೆದು ಓದಿದರೆ ಅಕ್ಷರಕ್ಕೆ ಅಕ್ಷರ ಈ ಭಟ್ಟರದೇ ವಿಳಾಸ. ಅಂದರೆ ಅಂಚೆ ಎಡವಿಲ್ಲ. ಆ ಇನ್ನೊಬ್ಬ ಭಟ್ಟರ ನಿಜವಾದ ವಿಳಾಸದಲ್ಲಿ ಕೊನೆಗೊಂದು ಅಂಕಿ ಇರಬೇಕು, ಇಲ್ಲವೇ bhat ಎಂಬುದಕ್ಕೆ ಇನ್ನೊಂದು t ಇರಬೇಕು. ಟಿಕೆಟ್ ಮಾಡಿಸುವಾಗ ಅವರೋ ಏಜೆಂಟೋ ಅದನ್ನು ನುಂಗಿಬಿಟ್ಟಿದ್ದಾರೆ. ನಮ್ಮ ಹೆಸರುಗಳನ್ನು ರೋಮನ್ ಅಕ್ಷರಕ್ಕೆ ಇಳಿಸುವಾಗ ಈ ಅಪಾಯ ಎಲ್ಲೆಲ್ಲೂ ಇದೆ. ಕವಿತಾ ಒಬ್ಬರಿಗೆ Kavita, ಇನ್ನೊಬ್ಬರಿಗೆ Kavitha. ಲಕ್ಷ್ಮಿಗೆ Lakshmi ಉಂಟು, Laxmi ಉಂಟು. ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುವವರ ಕೈಗೆ ಯಾವುದು ರೂಢಿಯೋ ಅದೇ ಬರುತ್ತದೆ, ಮತ್ತು ಎರಡೂ ವಿಳಾಸಗಳಿಗೆ ಜೀವಂತ ಒಡೆಯರಿರುತ್ತಾರೆ.

ಚುಕ್ಕಿಯನ್ನು ಜಿಮೇಲ್ ಮರೆಯುತ್ತದೆ, ಲೋಕ ಮರೆಯುವುದಿಲ್ಲ. ಮೋಸಗಾರರಿಗೆ ಸಿಕ್ಕಿದ್ದು ಈ ಬಿರುಕೇ. ನೆಟ್‌ಫ್ಲಿಕ್ಸ್ ಗ್ರಾಹಕರಿಗೆ ಹಾಕಬಹುದಾದ ಇಂಥ ಒಂದು ಬಲೆಯನ್ನು 2018ರಲ್ಲಿ ಪ್ರೋಗ್ರಾಮರ್ ಒಬ್ಬರು ಬಿಡಿಸಿ ತೋರಿಸಿದರು. ನೆಟ್‌ಫ್ಲಿಕ್ಸಿಗೆ ಚುಕ್ಕಿ ಇರುವ ವಿಳಾಸವೂ ಇಲ್ಲದ ವಿಳಾಸವೂ ಇಬ್ಬರು ಗ್ರಾಹಕರು. ಮೋಸಗಾರ ಚುಕ್ಕಿ ಸೇರಿಸಿದ ವಿಳಾಸದಲ್ಲಿ ಹೊಸ ಖಾತೆ ತೆರೆದು, ತಾತ್ಕಾಲಿಕ ಕಾರ್ಡ್ ಒಂದನ್ನು ಕೊಟ್ಟು, ಆಮೇಲೆ ಆ ಕಾರ್ಡನ್ನು ರದ್ದು ಮಾಡುತ್ತಾನೆ. ಹಣ ಸಿಗದ ಕಂಪನಿ ‘ನಿಮ್ಮ ಕಾರ್ಡ್ ನಡೆಯುತ್ತಿಲ್ಲ, ಹೊಸ ವಿವರ ಕೊಡಿ’ ಎಂದು ಪತ್ರ ಬರೆಯುತ್ತದೆ. ಅದು ನೇರವಾಗಿ ವಿಳಾಸದ ಒಡೆಯರಿಗೆ ಬರುತ್ತದೆ. ಪತ್ರ ಅಸಲಿ, ಕಳಿಸಿದ್ದು ಅಸಲಿ ಕಂಪನಿ, ಕೊಂಡಿಯೂ ಅಸಲಿ. ಒಡೆಯರು ತಮ್ಮದೇ ಖಾತೆ ಎಂದುಕೊಂಡು ಕಾರ್ಡ್ ನಂಬರ್ ತುಂಬಿದರೆ ಮೋಸಗಾರ ಖಾತೆಯ ಇಮೇಲ್ ಬದಲಾಯಿಸಿಕೊಂಡು ಅವರ ದುಡ್ಡಿನಲ್ಲಿ ಸಿನಿಮಾ ನೋಡುತ್ತಾನೆ. ಆ ಪ್ರೋಗ್ರಾಮರ್ ಬಚಾವಾದದ್ದು, ಪತ್ರದಲ್ಲಿದ್ದ ಕಾರ್ಡಿನ ಕೊನೆಯ ಅಂಕಿಗಳು ತನ್ನವಲ್ಲ ಎಂದು ಕಣ್ಣಿಗೆ ಬಿದ್ದದ್ದರಿಂದ.

ಇನ್ನು ಅಕ್ಷರ ತಪ್ಪಿದಾಗ ಏನಾಗುತ್ತದೆ? ತಪ್ಪಿದ ಹೆಸರಿನ ಪೆಟ್ಟಿಗೆ ಆ ಸರ್ವರಿನಲ್ಲಿ ಇಲ್ಲದಿದ್ದರೆ ಚಿಂತೆಯಿಲ್ಲ. ಕಳಿಸುವ ಸರ್ವರ್ ಬಾಗಿಲಲ್ಲಿ ನಿಂತು ಹೆಸರು ಹೇಳುತ್ತದೆ, ಒಳಗಿನಿಂದ ಉತ್ತರ ಬರುತ್ತದೆ:

```
RCPT TO:<manjunathbat@example.com>
550 5.1.1 User unknown
```

ಐದರಿಂದ ಶುರುವಾಗುವ ಸಂಖ್ಯೆ ಖಡಾಖಂಡಿತ ನಿರಾಕರಣೆ, ಪತ್ರ ಸಾಮಾನ್ಯವಾಗಿ ನಿಮಿಷದೊಳಗೇ ವಾಪಸು ಬರುತ್ತದೆ. ನಾಲ್ಕರಿಂದ ಶುರುವಾದರೆ ‘ಈಗಲ್ಲ, ಆಮೇಲೆ ಬಾ’ ಎಂದರ್ಥ. ತಪ್ಪು ಡೊಮೈನ್ ಇದ್ದೂ ಅಲ್ಲಿ ಬಾಗಿಲು ತೆಗೆಯುವವರೇ ಇಲ್ಲದಿದ್ದರೆ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಾಲ್ಕೈದು ದಿನವಾದರೂ ಕಾಯಬೇಕೆಂದು ನಿಯಮ ಸೂಚಿಸುತ್ತದೆ. ಸೋಮವಾರ ಹೋದ ಅರ್ಜಿ ‘ತಲುಪಲಿಲ್ಲ’ ಎಂದು ಶುಕ್ರವಾರ ತಿಳಿದರೆ ಕೊನೆಯ ದಿನಾಂಕ ದಾಟಿರುತ್ತದೆ. ಆದರೆ ನಿಜವಾದ ಕಷ್ಟ ಮೂರನೆಯದು: ತಪ್ಪು ವಿಳಾಸಕ್ಕೂ ಒಡೆಯರಿದ್ದು, ಸರ್ವರ್ ಸದ್ದಿಲ್ಲದೆ ಪತ್ರವನ್ನು ಒಳಗೆ ತೆಗೆದುಕೊಳ್ಳುವುದು. ಆಗ ಯಾವ ಪತ್ರವೂ ವಾಪಸು ಬರುವುದಿಲ್ಲ.

@ ಚಿಹ್ನೆಯ ಬಲಕ್ಕೆ ಬಂದರಂತೂ ಚುಕ್ಕಿಯೇ ಸರ್ವಸ್ವ. 2011ರಲ್ಲಿ ಗೊಡಾಯ್ ಗ್ರೂಪ್ ಎಂಬ ಸಂಸ್ಥೆಯ ಇಬ್ಬರು ಸಂಶೋಧಕರು ಇದನ್ನು ಪರೀಕ್ಷಿಸಿದರು. ದೊಡ್ಡ ಕಂಪನಿಗಳು ಶಾಖೆಗಳಿಗೆ se.ibm.com ಎಂಬ ಬಗೆಯ ಹೆಸರಿಡುತ್ತವೆ. ಮೊದಲ ಚುಕ್ಕಿ ಬಿಟ್ಟುಹೋದರೆ ಅದು seibm.com, ಅದನ್ನು ಯಾರು ಬೇಕಾದರೂ ಕೊಂಡುಕೊಳ್ಳಬಹುದು. ಸಂಶೋಧಕರು ದೊಡ್ಡ ಕಂಪನಿಗಳ ಇಂಥ ಚುಕ್ಕಿ ಬಿಟ್ಟ ಹೆಸರುಗಳನ್ನು ನೋಂದಾಯಿಸಿ, ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುವಂತೆ ಸರ್ವರ್ ಇಟ್ಟು ಸುಮ್ಮನೆ ಕೂತರು. ಆರು ತಿಂಗಳಲ್ಲಿ ಸುಮಾರು 1.2 ಲಕ್ಷ ಪತ್ರ, 20 ಗಿಗಾಬೈಟ್ ಮಾಹಿತಿ ಬಂದು ಬಿತ್ತು. ಅದರಲ್ಲಿ ಇನ್‌ವಾಯ್ಸ್‌ಗಳಿದ್ದವು, ವ್ಯಾಪಾರದ ಗುಟ್ಟುಗಳಿದ್ದವು, ಪಾಸ್‌ವರ್ಡ್‌ಗಳೂ ಇದ್ದವು.

ಅಮೆರಿಕದ ಸೇನೆಗೆ ಒಂದೇ ಅಕ್ಷರ ಸಾಕಾಯಿತು. ಅದರ ವಿಳಾಸಗಳು .mil ಎಂದು ಮುಗಿಯುತ್ತವೆ. i ಬಿಟ್ಟುಹೋದರೆ .ml, ಅದು ಪಶ್ಚಿಮ ಆಫ್ರಿಕದ ಮಾಲಿ ದೇಶದ ಡೊಮೈನ್. ಆ ಡೊಮೈನನ್ನು ಗುತ್ತಿಗೆಯಲ್ಲಿ ನಡೆಸುತ್ತಿದ್ದ ಡಚ್ ಉದ್ಯಮಿ ಯೋಹಾನೆಸ್ ಝೂರ್ಬಿಯರ್ ವರ್ಷಗಳ ಕಾಲ ಎಚ್ಚರಿಸಿದ್ದರು. 2023ರ ಜನವರಿಯಿಂದ ಅವರು ಕೂಡಿಟ್ಟ ದಾರಿತಪ್ಪಿದ ಪತ್ರಗಳೇ ಸುಮಾರು 1.17 ಲಕ್ಷ ಎಂದು ಆ ವರ್ಷದ ಜುಲೈನಲ್ಲಿ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ವರದಿ ಮಾಡಿತು. ಸೇನಾ ಮುಖ್ಯಸ್ಥ ಜನರಲ್ ಜೇಮ್ಸ್ ಮೆಕಾನ್‌ವಿಲ್ ಅವರ ಇಂಡೋನೇಷ್ಯಾ ಪ್ರವಾಸದ ವಿವರವೂ ಅವುಗಳಲ್ಲಿತ್ತು. ಸೇನೆಯ ಸರ್ವರುಗಳಿಂದ ಮಾಲಿಗೆ ಹೊರಡುವ ಪತ್ರಗಳನ್ನು ಪೆಂಟಗನ್ ತಡೆಹಿಡಿದಿತ್ತು, ಆದರೆ ಸ್ವಂತ ಖಾತೆಯಿಂದ ಬರೆಯುವವರನ್ನು ತಡೆಯುವುದು ಅದರ ಕೈಯಲ್ಲಿರಲಿಲ್ಲ. ಝೂರ್ಬಿಯರ್ ಗುತ್ತಿಗೆ ಮುಗಿದು ಡೊಮೈನ್ ಮಾಲಿ ಸರ್ಕಾರದ ವಶಕ್ಕೆ ಹೋಯಿತು.

ಇನ್‌ಬಾಕ್ಸಿಗೆ ಅನ್ಯರ ಟಿಕೆಟ್ ಬಂದರೆ ಮೊದಲು To ಸಾಲು ನೋಡಿ, ಚುಕ್ಕಿ ತೆಗೆದು ಅಕ್ಷರ ಹೋಲಿಸಿ. ನಿಮ್ಮದೇ ಅಕ್ಷರಗಳಿದ್ದರೆ ತಪ್ಪು ವಿಳಾಸ ಕೊಟ್ಟವರದು, ಕಳಿಸಿದ ಸಂಸ್ಥೆಗೆ ಒಂದು ಸಾಲು ಬರೆದು ತಿಳಿಸಿ. ‘ಖಾತೆ ದೃಢೀಕರಿಸಿ’ ಎಂಬ ಕೊಂಡಿ ಬಂದಿದ್ದರೆ ಒತ್ತಬೇಡಿ, ಒತ್ತಿದರೆ ಆ ಖಾತೆ ನಿಮ್ಮದೆಂದು ನೀವೇ ಒಪ್ಪಿದಂತೆ. ಪತ್ರ ಕಳಿಸುವವರು ನೀವಾದರೆ ಜಿಮೇಲ್ ಸೆಟ್ಟಿಂಗ್‌ನಲ್ಲಿ ‘ಅನ್‌ಡು ಸೆಂಡ್’ ಅವಧಿಯನ್ನು 5 ಸೆಕೆಂಡಿನಿಂದ 30ಕ್ಕೆ ಏರಿಸಿಕೊಳ್ಳಿ. ಅದಕ್ಕಿಂತ ಹೆಚ್ಚು ಸಮಯ ಅಲ್ಲಿ ಸಿಗುವುದಿಲ್ಲ.