ಕವಚ ಒಂದೇ, ಒಳಗಿನ ಸೆಲ್ ಬೇರೆ

ಆನ್‌ಲೈನ್ ಅಂಗಡಿಯಲ್ಲಿ ಹತ್ತು ಸಾವಿರ ಎಂಎಎಚ್ ಪವರ್ ಬ್ಯಾಂಕ್ ಹುಡುಕಿದರೆ, ಒಂದೇ ರೂಪದ ವಸ್ತು ಐದಾರು ಹೆಸರಿನಲ್ಲಿ ಸಾಲಾಗಿ ಬರುವುದುಂಟು. ಅದೇ ದುಂಡನೆಯ ಮೂಲೆ, ಅದೇ ನಾಲ್ಕು ಪುಟ್ಟ ದೀಪ, ಗುಂಡಿಯೂ ಅದೇ ಜಾಗದಲ್ಲಿ. ಬೆಲೆ ಮಾತ್ರ ಒಂದರದು ಇನ್ನೊಂದರ ದುಪ್ಪಟ್ಟು. ದುಬಾರಿಯದು ಬರೀ ಹೆಸರಿಗೆ ದುಡ್ಡು ಕೀಳುತ್ತಿದೆ, ಇಲ್ಲವೇ ಅಗ್ಗದ್ದು ನಕಲಿ ಎಂದು ನಮಗೆ ತೋರುತ್ತದೆ. ಬಹಳ ಸಲ ಎರಡೂ ನಿಜವಲ್ಲ.

ಪ್ಲಾಸ್ಟಿಕ್ ಕವಚ ತೆಗೆಯಲು ಉಕ್ಕಿನ ಅಚ್ಚು ಬೇಕು. ಅದನ್ನು ಕೊರೆಸಲು ಲಕ್ಷಗಟ್ಟಲೆ ರೂಪಾಯಿ ಬೇಕಾಗುತ್ತದೆ. ಸಾವಿರ, ಎರಡು ಸಾವಿರ ಪವರ್ ಬ್ಯಾಂಕ್ ಮಾರುವ ಸಣ್ಣ ಕಂಪನಿಗೆ ಆ ಖರ್ಚು ಗಿಟ್ಟುವುದಿಲ್ಲ. ಆದ್ದರಿಂದ ಅದು ಕಾರ್ಖಾನೆಯ ಕ್ಯಾಟಲಾಗಿನಿಂದ ಸಿದ್ಧ ಮಾದರಿಯೊಂದನ್ನು ಆರಿಸಿ, ಮೇಲೆ ತನ್ನ ಹೆಸರು ಅಚ್ಚೊತ್ತಿಸಿಕೊಂಡು, ತನ್ನ ಪೆಟ್ಟಿಗೆಯಲ್ಲಿ ತುಂಬಿಸುತ್ತದೆ. ಇದೇ ಪ್ರೈವೇಟ್ ಲೇಬಲ್. ಇದು ಕಾನೂನುಬದ್ಧ ವ್ಯಾಪಾರ, ಯಾರೂ ಯಾರನ್ನೂ ನಕಲು ಮಾಡಿರುವುದಿಲ್ಲ. ಕಾರ್ಖಾನೆಗೂ ಲಾಭ: ಒಂದೇ ಅಚ್ಚಿನ ಖರ್ಚು ಹತ್ತು ಗಿರಾಕಿಗಳ ಮೇಲೆ ಹಂಚಿಹೋಗುತ್ತದೆ.

ಚೀನಾದ ಶೆನ್‌ಜೆನ್ ಸುತ್ತಮುತ್ತ ಈ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ 'ಗೊಂಗ್‌ಮೊ', ಎಂದರೆ ಸಾರ್ವಜನಿಕ ಅಚ್ಚು, ಎಂಬ ವ್ಯವಸ್ಥೆಯಿದೆ. ಅಚ್ಚಿನ ಒಡೆಯ ಬರೀ ಖಾಲಿ ಕವಚಗಳನ್ನು ಮಾರುತ್ತಾನೆ. ಅವನ್ನು ಕೊಂಡ ಬೇರೆ ಬೇರೆ ಕಾರ್ಖಾನೆಗಳು ತಂತಮ್ಮ ಸೆಲ್ಲು, ತಂತಮ್ಮ ಸರ್ಕ್ಯೂಟ್ ಬೋರ್ಡು ಸೇರಿಸಿ ಜೋಡಿಸುತ್ತವೆ. ಹಾಗಾಗಿ ಕವಚ ಒಂದೇ ಎಂದ ಮಾತ್ರಕ್ಕೆ ಕಾರ್ಖಾನೆ ಒಂದೇ ಎನ್ನುವಂತಿಲ್ಲ. ಕಾರ್ಖಾನೆ ಒಂದೇ ಆಗಿದ್ದರೂ ಸರಕು ಒಂದೇ ಆಗಬೇಕಿಲ್ಲ. ಒಬ್ಬ ಗಿರಾಕಿ ಒಳ್ಳೆಯ ಸೆಲ್ ಹಾಕಿ ಎನ್ನುತ್ತಾನೆ, ಇನ್ನೊಬ್ಬ ಬೆಲೆ ಇಳಿಸಿ ಎನ್ನುತ್ತಾನೆ.

ಫೋಟೊ ಸೋಲುವುದು ಇಲ್ಲೇ. ಚಿತ್ರ ಹೋಲಿಸುವ ತಂತ್ರಾಂಶ ಆಕಾರ, ಬಣ್ಣ, ಗೆರೆಗಳನ್ನು ಅಂಕಿಗಳಾಗಿಸಿ, ಎರಡು ಚಿತ್ರಗಳ ಅಂಕಿಗಳು ಎಷ್ಟು ಹತ್ತಿರವಿವೆ ಎಂದು ಅಳೆಯುತ್ತದೆ. ಇಡೀ ಚಿತ್ರದಲ್ಲಿ ಬ್ರ್ಯಾಂಡ್ ಹೆಸರು ಆಕ್ರಮಿಸುವುದು ಬೆರಳ ತುದಿಯಷ್ಟು ಜಾಗ, ಉಳಿದದ್ದೆಲ್ಲ ತದ್ರೂಪ. ಅದಕ್ಕಿಂತ ದೊಡ್ಡ ತೊಡಕೆಂದರೆ, ಬಹಳಷ್ಟು ಚಿತ್ರಗಳು ಮಾರುವವನು ತೆಗೆದವೇ ಅಲ್ಲ. ಕಾರ್ಖಾನೆಯೇ ಕಂಪ್ಯೂಟರಿನಲ್ಲಿ ಮಾಡಿಸಿ ಎಲ್ಲ ಗಿರಾಕಿಗಳಿಗೂ ಕೊಟ್ಟ ಒಂದೇ ಚಿತ್ರ, ಹೆಸರಷ್ಟೇ ಬದಲು. ಅಂಥ ಎರಡು ಚಿತ್ರ ತಾಳೆಯಾದರೆ ಇಬ್ಬರೂ ಒಂದೇ ಮಾದರಿ ಆರಿಸಿದ್ದಾರೆ ಎಂದಷ್ಟೇ ಗೊತ್ತಾಗುತ್ತದೆ. ಇದೇ ಕಾರ್ಖಾನೆ ಅದೇ ಬೋರ್ಡನ್ನು ಬೇರೆ ಬಣ್ಣದ, ಚೌಕ ಮೂಲೆಯ ಕವಚಕ್ಕೆ ಹಾಕಿದರೆ ತಂತ್ರಾಂಶ ಅದನ್ನು ಸಂಬಂಧವೇ ಇಲ್ಲದ ವಸ್ತು ಎಂದುಬಿಡುತ್ತದೆ.

ಫೋಟೊ ಹೇಳದ್ದನ್ನು ತೂಕ ಸ್ವಲ್ಪ ಹೇಳುತ್ತದೆ. ಸೆಲ್ಲಿನ ವೋಲ್ಟೇಜ್ ಸಾಮಾನ್ಯವಾಗಿ 3.7. ಅದನ್ನು 10,000 ಎಂಎಎಚ್‌ನೊಂದಿಗೆ ಗುಣಿಸಿದರೆ 37 ವ್ಯಾಟ್-ಅವರ್ ಶಕ್ತಿ. ಅಷ್ಟನ್ನು ಹಿಡಿದಿಡಲು ಮಾಮೂಲಿ ಲಿಥಿಯಂ ಸೆಲ್ಲುಗಳೇ ಸುಮಾರು 150ರಿಂದ 185 ಗ್ರಾಂ ತೂಗುತ್ತವೆ. ಇಡೀ ಪವರ್ ಬ್ಯಾಂಕೇ 120 ಗ್ರಾಂ ಇದ್ದರೆ ಮೇಲೆ ಬರೆದ ಅಂಕಿ ಅನುಮಾನದ್ದು. ಆದರೆ ತೂಕ ಸರಿಯಿದ್ದರೆ ಎಲ್ಲ ಸರಿ ಎಂದಲ್ಲ. ಭಾರ ಬರಲೆಂದು ಒಳಗೆ ಮರಳು ತುಂಬಿದ ಪವರ್ ಬ್ಯಾಂಕ್‌ಗಳೂ ಸಿಕ್ಕಿವೆ. (5 ವೋಲ್ಟಿನಲ್ಲಿ ಹೊರಬರುವುದು ಸುಮಾರು ಆರು ಸಾವಿರ ಎಂಎಎಚ್ ಮಾತ್ರ, ವೋಲ್ಟೇಜ್ ಏರಿಸುವಾಗ ಎಂಎಎಚ್ ಇಳಿಯುವುದು ಸಹಜ, ಅದು ಮೋಸವಲ್ಲ.)

ತಯಾರಿಸಿದವರು ಯಾರೆಂದು ತಿಳಿಯಲು ಭಾರತದಲ್ಲಿ ಒಂದು ಗಟ್ಟಿ ದಾರಿಯಿದೆ. ಇಲ್ಲಿ ಮಾರುವ ಪವರ್ ಬ್ಯಾಂಕಿಗೆ ಬಿಐಎಸ್ ನೋಂದಣಿ ಕಡ್ಡಾಯ. ವಸ್ತುವಿನ ಮೇಲೆ R- ಎಂದು ಶುರುವಾಗುವ ಸಂಖ್ಯೆಯಿರುತ್ತದೆ. ಅದನ್ನು BIS Care ಆ್ಯಪ್‌ನಲ್ಲಿ ಹಾಕಿದರೆ ನೋಂದಾಯಿತ ತಯಾರಕರ ಹೆಸರು, ವಿಳಾಸ ಬರುತ್ತದೆ. ಎರಡು ಬ್ರ್ಯಾಂಡುಗಳಿಗೆ ಒಂದೇ ವಿಳಾಸ ಬಂದರೆ ಹುಟ್ಟಿದ ಮನೆ ಒಂದೇ ಎಂದು ಧೈರ್ಯವಾಗಿ ಹೇಳಬಹುದು. ಆನ್‌ಲೈನ್ ಪುಟದ ಚಿತ್ರಗಳಲ್ಲಿ ಈ ಸಂಖ್ಯೆಯಿರುವ ಬದಿಯನ್ನು ಬಹುತೇಕರು ತೋರಿಸುವುದೇ ಇಲ್ಲ. ಅದನ್ನು ತೋರಿಸುವುದು ಕಡ್ಡಾಯವಾಗಬೇಕು ಎಂಬುದು ನನ್ನ ಅಭಿಪ್ರಾಯ.

ವಿಳಾಸ ಸಿಕ್ಕರೂ ಯಾವ ಕಂತಿನಲ್ಲಿ ಯಾವ ಸೆಲ್ ಹಾಕಿದರು ಎಂಬುದು ತಿಳಿಯದು. 2025ರ ಜೂನ್‌ನಲ್ಲಿ ಆಂಕರ್ ಕಂಪನಿ ಬೆಂಕಿಯ ಅಪಾಯದ ಕಾರಣ ಅಮೆರಿಕದಲ್ಲಿ 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕುಗಳನ್ನು ಹಿಂದಕ್ಕೆ ಕರೆಯಿತು. ಒಂದೇ ಬ್ರ್ಯಾಂಡು, ಒಂದೇ ಮಾದರಿ. ಹಾಗಿದ್ದರೂ ಕೊಂಡವರು ರೂಪ ನೋಡಿ ತೀರ್ಮಾನಿಸುವಂತಿರಲಿಲ್ಲ. A1263 ಎಂಬ ಮಾದರಿ ಸಂಖ್ಯೆಯ ಜೊತೆಗೆ ಸೀರಿಯಲ್ ನಂಬರನ್ನೂ ಕಂಪನಿಯ ಜಾಲತಾಣದಲ್ಲಿ ಹಾಕಿ, ತಮ್ಮ ಕೈಯಲ್ಲಿರುವುದು ಆ ಪಟ್ಟಿಗೆ ಸೇರುತ್ತದೆಯೇ ಎಂದು ನೋಡಿಕೊಳ್ಳಬೇಕಾಯಿತು.