ಮೆದು ಜೇಡಿಯಲ್ಲಿ ತೋಡಿದ ಗುಂಡಿ

2004ರ ಏಪ್ರಿಲ್ 20ರಂದು ಸಿಂಗಪುರದ ನಿಕಲ್ ಹೈವೇ ಪಕ್ಕದಲ್ಲಿ ಮೆಟ್ರೊ ಸುರಂಗಕ್ಕಾಗಿ ತೋಡುತ್ತಿದ್ದ ಗುಂಡಿ ಸುಮಾರು 30 ಮೀಟರ್ ಆಳಕ್ಕೆ ಇಳಿದಿತ್ತು. ಇನ್ನು ಮೂರು ಮೀಟರಿನಷ್ಟು ಅಗೆದಿದ್ದರೆ ತಳ ಮುಟ್ಟುತ್ತಿತ್ತು. ಅಂದು ಬೆಳಿಗ್ಗೆಯಿಂದಲೇ ಕೆಳಗಿನ ಉಕ್ಕಿನ ತೊಲೆಗಳಿಂದ ಲೋಹ ಸಿಡಿಯುವ ಸದ್ದು ಕೇಳಿಬರುತ್ತಿತ್ತು. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಎರಡೂ ಬದಿಯ ಗೋಡೆಗಳು ಒಳಕ್ಕೆ ಮಡಚಿಕೊಂಡವು, ಹೆದ್ದಾರಿಯ ಒಂದು ಭಾಗ ಗುಂಡಿಗೆ ಜಾರಿತು. ನಾಲ್ವರು ಸತ್ತರು. ಅವರಲ್ಲಿ ಒಬ್ಬರ ದೇಹ ಸಿಗಲೇ ಇಲ್ಲ.

ಅಲ್ಲಿನ ನೆಲ ಸಮುದ್ರವನ್ನು ತುಂಬಿಸಿ ಮಾಡಿದ್ದು. ಮೇಲಿನ ತುಂಬುಮಣ್ಣಿನ ಕೆಳಗೆ ಹತ್ತಾರು ಮೀಟರ್ ದಪ್ಪಕ್ಕೆ ಸಮುದ್ರತಳದ ಮೆದು ಜೇಡಿಮಣ್ಣು ಇದೆ. ಇಂಥ ಮಣ್ಣಿನಲ್ಲಿ ನೇರ ಬದಿಯ ಗುಂಡಿ ತಾನಾಗಿ ನಿಲ್ಲುವುದಿಲ್ಲ. ಅದಕ್ಕೆ ಮೊದಲು ನೆಲದಲ್ಲಿ ಕಿರಿದಾದ ಸೀಳು ತೋಡಿ, ಕಂಬಿ ಇಳಿಸಿ, ಕಾಂಕ್ರೀಟ್ ತುಂಬಿ ಗೋಡೆ ಕಟ್ಟುತ್ತಾರೆ. ಇದನ್ನು ಡಯಾಫ್ರಂ ಗೋಡೆ ಎನ್ನುತ್ತಾರೆ. ನಿಕಲ್ ಹೈವೇಯಲ್ಲಿ ಅದರ ದಪ್ಪ 80 ಸೆಂಟಿಮೀಟರ್. ಆಮೇಲೆ ಎರಡು ಗೋಡೆಗಳ ನಡುವಿನ ಮಣ್ಣನ್ನು ಹಂತಹಂತವಾಗಿ ತೆಗೆಯುತ್ತಾರೆ. ಒಂದು ಹಂತ ಇಳಿದ ಕೂಡಲೇ ಗೋಡೆಯಿಂದ ಗೋಡೆಗೆ ಉಕ್ಕಿನ ಅಡ್ಡತೊಲೆಗಳನ್ನು ಕೊಡಬೇಕು. ಇವು ಸ್ಟ್ರಟ್‌ಗಳು. ಸ್ಟ್ರಟ್‌ನ ತುದಿ ನೇರವಾಗಿ ಕಾಂಕ್ರೀಟಿಗೆ ಚುಚ್ಚಿಕೊಳ್ಳದಂತೆ ಗೋಡೆಯುದ್ದಕ್ಕೂ ಇನ್ನೊಂದು ಉಕ್ಕಿನ ಪಟ್ಟಿ ಹಾಯುತ್ತದೆ, ಅದು ವೇಲರ್. ಅಲ್ಲಿ ಹತ್ತು ಹಂತದ ಸ್ಟ್ರಟ್‌ಗಳ ಯೋಜನೆಯಿತ್ತು. ಒಂಬತ್ತು ಕೂತಿದ್ದವು, ಹತ್ತನೆಯದಕ್ಕಾಗಿ ಅಗೆತ ನಡೆದಿತ್ತು.

ಹೀಗೆ ಆಸರೆ ಕೊಡುತ್ತಾ ಹೋದರೂ ಗೋಡೆ ಬಾಗುತ್ತದೆ, ಏಕೆಂದರೆ ಬಾಗುವ ಜಾಗ ಯಾವಾಗಲೂ ಕೊನೆಯ ಸ್ಟ್ರಟ್‌ಗಿಂತ ಕೆಳಗಿರುತ್ತದೆ. ಮಣ್ಣು ತೆಗೆದ ಮೇಲೆ ಮಾತ್ರ ಸ್ಟ್ರಟ್ ಕೊಡಲು ಜಾಗ ಸಿಗುತ್ತದೆ. ಅಷ್ಟರಲ್ಲಿ, ಅಗೆದ ಮಟ್ಟದ ಕೆಳಗೆ ಮಣ್ಣಿನಲ್ಲಿ ಹುದುಗಿರುವ ಗೋಡೆಯೂ ಒಳಕ್ಕೆ ಸರಿದಿರುತ್ತದೆ. ಎದುರಿನ ಮಣ್ಣು ಗಟ್ಟಿಯಾಗಿದ್ದರೆ ಈ ಸರಿತ ಕೆಲವು ಮಿಲಿಮೀಟರಿಗೆ ನಿಲ್ಲುತ್ತದೆ, ಮೆದು ಜೇಡಿಯಲ್ಲಿ ಸೆಂಟಿಮೀಟರುಗಳಲ್ಲಿ ಅಳೆಯಬೇಕಾಗುತ್ತದೆ. ಸ್ಟ್ರಟ್‌ಗಳನ್ನು ಜ್ಯಾಕ್ ಹಾಕಿ ಮೊದಲೇ ಬಿಗಿ ಮಾಡುವುದುಂಟು. ಅದು ಮುಂದಿನ ಬಾಗನ್ನು ಕಡಿಮೆ ಮಾಡುತ್ತದೆಯೇ ಹೊರತು ಆಗಿಹೋದ ಬಾಗನ್ನು ಹಿಂದಕ್ಕೆ ತಳ್ಳುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಒಂದು ಹಂತದಲ್ಲಿ ಎಷ್ಟು ಮಣ್ಣು ತೆಗೆದರು, ಎಷ್ಟು ಗಂಟೆ ಗುಂಡಿಯನ್ನು ಆಸರೆಯಿಲ್ಲದೆ ಬಿಟ್ಟರು ಎಂಬುದು ಗೋಡೆಯ ದಪ್ಪದಷ್ಟೇ ಮುಖ್ಯ. ಬೇಗ ಮುಗಿಸಬೇಕೆಂದು ಸ್ಟ್ರಟ್ ಕೂಡುವ ಮೊದಲೇ ಇನ್ನೊಂದು ಮೀಟರ್ ಅಗೆದರೆ ಆ ಬಾಗು ಶಾಶ್ವತವಾಗಿ ಉಳಿಯುತ್ತದೆ.

ಗೋಡೆಯ ಬಾಗಿಗಿಂತ ಹೆಚ್ಚು ಭಯ ಹುಟ್ಟಿಸುವುದು ತಳದ ಉಬ್ಬು. ಗುಂಡಿಯ ಹೊರಗೆ ಮಣ್ಣಿನ ಭಾರ ಹಾಗೇ ಇದೆ, ಒಳಗಿನ ಭಾರವನ್ನು ನಾವು ತೆಗೆದುಹಾಕಿದ್ದೇವೆ. ನಾದಿದ ಹಿಟ್ಟಿನ ಮೇಲೆ ಅಂಗೈ ಒತ್ತಿದರೆ ಬೆರಳ ಸಂದಿನಿಂದ ಅದು ಮೇಲಕ್ಕೆ ಬರುವಂತೆ, ಹೊರಗಿನ ಭಾರಕ್ಕೆ ಜೇಡಿ ಗೋಡೆಯ ಬುಡ ಸುತ್ತಿಕೊಂಡು ಗುಂಡಿಯ ತಳದಿಂದ ಮೇಲೇಳುತ್ತದೆ. ಇದನ್ನು ಕಾಗದದ ಮೇಲೆ ಅಂದಾಜಿಸುವ ದಾರಿಯನ್ನು ಕಾರ್ಲ್ ಟರ್ಜಾಗಿ 1943ರಲ್ಲಿ ತೋರಿಸಿಕೊಟ್ಟರು. 1956ರಲ್ಲಿ ನಾರ್ವೆಯ ಬ್ಯೆರುಮ್ ಮತ್ತು ಐಡೆ, ನಿಜವಾಗಿ ಕೆಟ್ಟ ಗುಂಡಿಗಳನ್ನು ಪರೀಕ್ಷಿಸಿ ಅದನ್ನು ಆಳವಾದ, ಕಿರಿದಾದ ಗುಂಡಿಗಳಿಗೆ ಹೊಂದಿಸಿದರು.

ಲೆಕ್ಕ ಸರಳ. ಮೆದು ಜೇಡಿಯ ಒಂದು ಘನ ಮೀಟರ್ ಸುಮಾರು 1.6 ಟನ್ ತೂಗುತ್ತದೆ. ಗುಂಡಿ 5 ಮೀಟರ್ ಆಳವಿದ್ದರೆ, ತಳದ ಮಟ್ಟದಲ್ಲಿ ಹೊರಗಿನ ಒಂದು ಚದರ ಮೀಟರಿನ ಮೇಲೆ 8 ಟನ್ ಮಣ್ಣು, ರಸ್ತೆಯ ಭಾರವೆಂದು ಇನ್ನೊಂದು ಟನ್, ಒಟ್ಟು 9 ಟನ್ ಕೂತಿದೆ. ಜೇಡಿಯ ಜಾರುಬಲ ಚದರ ಮೀಟರಿಗೆ 2.5 ಟನ್ ಎನ್ನೋಣ. ತಳ ತಡೆಯಬಲ್ಲ ಒತ್ತಡ ಅದರ ಸುಮಾರು ಆರು ಪಟ್ಟು, ಅಂದರೆ 15 ಟನ್. 9ಕ್ಕೆ 15, ನೆಮ್ಮದಿ. ಅದೇ ಮಣ್ಣಿನಲ್ಲಿ 10 ಮೀಟರಿಗೆ ಇಳಿದರೆ ಹೊರಗಿನ ಭಾರ 17 ಟನ್ ಆಗುತ್ತದೆ, ತಡೆಯುವ ಬಲ 15ರಲ್ಲೇ ನಿಂತಿದೆ. ಮೂರು ಅಂತಸ್ತಿನ ಬೇಸ್‌ಮೆಂಟಿಗೆ ಬೇಕಾಗುವ ಆಳ ಇದು. ಇಲ್ಲಿ ಎಷ್ಟು ಬಲವಾದ ಸ್ಟ್ರಟ್ ಕೊಟ್ಟರೂ ತಳಕ್ಕೆ ಅದರಿಂದ ಉಪಯೋಗವಿಲ್ಲ, ಏಕೆಂದರೆ ಮಣ್ಣು ಸ್ಟ್ರಟ್‌ಗಳ ಕೆಳಗಿನಿಂದ ಬರುತ್ತದೆ. ಗೋಡೆಯನ್ನು ಕೆಳಗಿನ ಗಟ್ಟಿ ಪದರಕ್ಕೆ ಇಳಿಸಬೇಕು, ಇಲ್ಲವೇ ಅಗೆಯುವ ಮೊದಲೇ ತಳದ ಜೇಡಿಗೆ ಸಿಮೆಂಟ್ ಬೆರೆಸಿ ಚಪ್ಪಡಿಯಂತೆ ಗಟ್ಟಿ ಮಾಡಬೇಕು. ನಿಕಲ್ ಹೈವೇಯಲ್ಲಿ ಜೆಟ್ ಗ್ರೌಟಿಂಗ್ ಮೂಲಕ ಇಂಥ ಎರಡು ಪದರಗಳನ್ನು ಮಾಡಿದ್ದರು. ಮೇಲಿನದನ್ನು ಹತ್ತನೇ ಸ್ಟ್ರಟ್‌ಗೆ ಜಾಗ ಮಾಡಲು ಅಗೆದು ತೆಗೆಯುವ ಯೋಜನೆಯೇ ಇತ್ತು.

ಹಾಗಾದರೆ ಅಲ್ಲಿ ತಪ್ಪಿದ್ದೆಲ್ಲಿ? 2005ರಲ್ಲಿ ಬಂದ ವಿಚಾರಣಾ ಸಮಿತಿಯ ವರದಿ ಎರಡು ತಪ್ಪುಗಳನ್ನು ಮುಂದಿಡುತ್ತದೆ. ಮೊದಲನೆಯದು ಮಣ್ಣಿನ ಲೆಕ್ಕದ್ದು. ಮೆದು ಜೇಡಿಯನ್ನು ಬೇಗ ಒತ್ತಿದಾಗ ಒಳಗಿನ ನೀರಿಗೆ ಹೊರಹೋಗಲು ಸಮಯ ಸಿಗುವುದಿಲ್ಲ. ನೀರಿನ ಒತ್ತಡ ಏರಿ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಕಂಪ್ಯೂಟರ್ ಮಾದರಿಗೆ ಕೊಟ್ಟ ವಿಧಾನ ಈ ಸಡಿಲಿಕೆಯನ್ನು ಗಣಿಸದೆ ಜೇಡಿಗೆ ಇಲ್ಲದ ಬಲವನ್ನು ಕಲ್ಪಿಸಿತು. ಪರಿಣಾಮವಾಗಿ ಗೋಡೆಯ ಬಾಗು ನಿಜಕ್ಕಿಂತ ಸುಮಾರು ಅರ್ಧದಷ್ಟೇ ಎಂದು ಬಂತು. ಎರಡನೆಯದು ಸ್ಟ್ರಟ್ ಮತ್ತು ವೇಲರ್ ಕೂಡುವ ಜಾಗದ್ದು. ಉಕ್ಕಿನ ವಿನ್ಯಾಸ ಸಂಹಿತೆಯ ಒಂದು ನಿಯಮವನ್ನು ತಪ್ಪಾಗಿ ಓದಿದ್ದರಿಂದ ಆ ಕೂಡುವಿಕೆಯ ಬಲ ಬೇಕಾದದ್ದಕ್ಕಿಂತ ತೀರಾ ಕಡಿಮೆಯಾಯಿತು. ಮೊದಲು ಅಲ್ಲಿ ಬಳಸಿದ್ದ ಬಲಪಡಿಸುವ ತಗಡುಗಳು ಬಾಗತೊಡಗಿದಾಗ ಅವುಗಳ ಬದಲು ಸಿ-ಚಾನೆಲ್ ತುಂಡುಗಳನ್ನು ಬೆಸುಗೆ ಹಾಕಿದರು. ಅದರಿಂದ ಬಲ ಹೆಚ್ಚೇನೂ ಆಗಲಿಲ್ಲ, ಬದಲಿಗೆ ಸೋಲುವ ರೀತಿ ಕೆಟ್ಟಿತು. ತಗಡು ನಿಧಾನವಾಗಿ ಬಾಗುತ್ತಾ ಸ್ವಲ್ಪ ಭಾರವನ್ನಾದರೂ ಹೊತ್ತಿರುತ್ತದೆ, ಸಿ-ಚಾನೆಲ್ ಒಮ್ಮೆ ಮಗುಚಿಕೊಂಡರೆ ಹೊತ್ತ ಭಾರವನ್ನು ಅಲ್ಲೇ ಬಿಡುತ್ತದೆ. ಒಂಬತ್ತನೇ ಹಂತ ಬಿಟ್ಟ ಭಾರವೆಲ್ಲ ಎಂಟನೆಯದರ ಮೇಲೆ ಬಿತ್ತು, ಎಂಟು ತಡೆಯಲಾರದೆ ಏಳಕ್ಕೆ ದಾಟಿಸಿತು.

ನನ್ನನ್ನು ಹೆಚ್ಚು ಕಾಡುವುದು ಇವೆರಡರ ನಡುವೆ ನಡೆದ ಇನ್ನೊಂದು ಸಂಗತಿ. ಗೋಡೆಯೊಳಗೆ ಅಥವಾ ಅದಕ್ಕೆ ತಾಗಿದ ಮಣ್ಣಿನಲ್ಲಿ ನೆಟ್ಟ ಕೊಳವೆಯಲ್ಲಿ ಇನ್‌ಕ್ಲಿನೋಮೀಟರ್ ಇಳಿಸಿ, ಪ್ರತಿ ಅರ್ಧ ಮೀಟರಿಗೆ ಕೊಳವೆ ಎಷ್ಟು ವಾಲಿದೆ ಎಂದು ಓದುತ್ತಾರೆ. ಅವುಗಳನ್ನು ಕೂಡಿಸಿದರೆ ಗೋಡೆಯ ಇಡೀ ಬಾಗು ಕಾಗದದ ಮೇಲೆ ಮೂಡುತ್ತದೆ. ನಿಕಲ್ ಹೈವೇಯ ಓದುಗಳು ವಿನ್ಯಾಸದ ಮಿತಿಯನ್ನು ತಿಂಗಳುಗಳ ಮೊದಲೇ ದಾಟಿದ್ದವು. ದಾಟಿದಾಗ ಕೆಲಸ ನಿಲ್ಲಿಸಿ ಕಾರಣ ಹುಡುಕುವ ಬದಲು, ಓದಿಗೆ ಹೊಂದುವಂತೆ ಲೆಕ್ಕವನ್ನು ತಿದ್ದಿ ಮಿತಿಯನ್ನೇ ಮೇಲಕ್ಕೆ ಎತ್ತಿದರು. ಮತ್ತೆ ದಾಟಿತು, ಮತ್ತೆ ಎತ್ತಿದರು. ಕುಸಿದ ದಿನ ದಕ್ಷಿಣದ ಗೋಡೆಯ ಬಳಿಯ ಓದು ಸುಮಾರು 44 ಸೆಂಟಿಮೀಟರ್. ಎದುರಿನ ಗೋಡೆ ಅದರ ಅರ್ಧದಷ್ಟೂ ಬಾಗಿರಲಿಲ್ಲ. ಒಂದೇ ಸ್ಟ್ರಟ್‌ಗೆ ಒರಗಿದ ಎರಡು ಗೋಡೆಗಳಲ್ಲಿ ಇಷ್ಟು ವ್ಯತ್ಯಾಸ ಇರುವುದೇ, ಎರಡೂ ಕಡೆಯ ನೆಲ ಒಂದೇ ಎಂದು ನಂಬಿದ ಲೆಕ್ಕವನ್ನು ಅನುಮಾನಿಸಲು ಸಾಕಿತ್ತು. ಇನ್‌ಕ್ಲಿನೋಮೀಟರ್ ಓದುವವರು ನೋಡಬೇಕಾದದ್ದು ಒಟ್ಟು ಬಾಗನ್ನು ಮಾತ್ರವಲ್ಲ. ಅಗೆತ ನಿಲ್ಲಿಸಿದ ಮೇಲೂ ಬಾಗು ದಿನದಿನಕ್ಕೆ ಬೆಳೆಯುತ್ತಿದ್ದರೆ ಮಣ್ಣು ತನ್ನ ಬಲದ ಕೊನೆ ಮುಟ್ಟಿದೆ ಎಂದರ್ಥ. ಅಗೆತ ಮುಂದುವರಿದಂತೆ ಕೆಳಗಿನ ಸ್ಟ್ರಟ್‌ನ ಭಾರ ಏರದೆ ಮೇಲಿನದರ ಭಾರ ಏರುತ್ತಿದ್ದರೆ ಕೆಳಗಿನದರ ಕೂಡುವಿಕೆ ಸಡಿಲವಾಗಿರಬಹುದು.

ಕುಸಿಯದ ಗುಂಡಿಯೂ ಅಕ್ಕಪಕ್ಕದವರನ್ನು ಬಿಡುವುದಿಲ್ಲ. ಜೇಡಿಯ ನೀರು ಬೇಗ ಹೊರಹೋಗದ ಕಾರಣ ಅದರ ಗಾತ್ರ ಕುಗ್ಗುವುದಿಲ್ಲ. ಗೋಡೆ ಬಾಗಿ ಒಳಗೆ ಬಂದ ಮಣ್ಣಿನಷ್ಟೇ ಗಾತ್ರ ಹೊರಗಿನ ನೆಲದಲ್ಲಿ ಇಳಿಯುತ್ತದೆ. ತೈಪೆಯಲ್ಲಿ ಚಾಂಗ್-ಯು ಔ ಮತ್ತು ಸಂಗಡಿಗರು ಅಳೆದು 1998ರಲ್ಲಿ ಪ್ರಕಟಿಸಿದ ಒಂದು ಕಟ್ಟಡದ ಗುಂಡಿ ಇದಕ್ಕೆ ಒಳ್ಳೆಯ ಮಾದರಿ. ಆಳ 19.7 ಮೀಟರ್, ಗೋಡೆ 90 ಸೆಂಟಿಮೀಟರ್ ದಪ್ಪ, 35 ಮೀಟರ್ ಆಳ. ಕೆಲಸ ಚೆನ್ನಾಗಿಯೇ ಮುಗಿಯಿತು. ಆದರೂ ಗೋಡೆ 10.6 ಸೆಂಟಿಮೀಟರ್ ಬಾಗಿತು, ಹೊರಗಿನ ನೆಲ 7.8 ಸೆಂಟಿಮೀಟರ್ ಇಳಿಯಿತು. ಇಂಥ ಗುಂಡಿಗಳಲ್ಲಿ ಅತಿ ಹೆಚ್ಚು ಇಳಿಯುವ ಜಾಗ ಗೋಡೆಗೆ ತಾಗಿ ಇರುವುದಿಲ್ಲ, ಗುಂಡಿಯ ಆಳದ ಅರ್ಧದಷ್ಟು ದೂರದಲ್ಲಿರುತ್ತದೆ. ಆಮೇಲೆ ಇಳಿತ ಕಡಿಮೆಯಾಗುತ್ತಾ ಆಳದ ಎರಡು-ಮೂರು ಪಟ್ಟು ದೂರದವರೆಗೂ ಹರಡಬಹುದು.

ಮನೆ ಇಡಿಯಾಗಿ ಒಂದೇ ಮಟ್ಟಕ್ಕೆ ಇಳಿದರೆ ಗೋಡೆ ಬಿರಿಯುವುದಿಲ್ಲ, ಕೊಳವೆಗಳಷ್ಟೇ ತುಂಡಾಗಬಹುದು. ಒಂದು ಮೂಲೆ ಇಳಿದು ಇನ್ನೊಂದು ನಿಂತರೆ ತೊಂದರೆ. ಇಳಿತದ ತೊಟ್ಟಿಯ ನಡುವಿನಲ್ಲಿ ಕೂತ ಮನೆ ಕೆಳಕ್ಕೆ ಜೋತುಬೀಳುತ್ತದೆ, ಪಾಯ ಅದನ್ನು ಸ್ವಲ್ಪ ಹಿಡಿಯುತ್ತದೆ. ತೊಟ್ಟಿಯ ಹೊರ ಅಂಚಿನಲ್ಲಿ, ನೆಲ ಗೂನಿನಂತೆ ಬಾಗುವ ಕಡೆ ಇರುವ ಮನೆಯ ಮೇಲ್ಭಾಗ ಎಳೆಯಲ್ಪಟ್ಟು ತೆರೆದುಕೊಳ್ಳುತ್ತದೆ. ಅಲ್ಲಿ ಹಿಡಿಯಲು ಪಾಯವಿಲ್ಲ. ಗುಂಡಿಯಿಂದ ದೂರವಿದ್ದೇವೆ ಎಂದುಕೊಂಡ ಇಟ್ಟಿಗೆ ಮನೆಗೆ ಹತ್ತಿರದ ಪೈಲ್ ಪಾಯದ ಕಟ್ಟಡಕ್ಕಿಂತ ಹೆಚ್ಚು ಹಾನಿ ಆಗುವುದು ಹೀಗೆ.

ಹಾನಿಯನ್ನು ಅಳೆಯಲು ಎಂಜಿನಿಯರುಗಳು ಬಳಸುವ ವರ್ಗೀಕರಣ ಬ್ರಿಟನ್ನಿನ ಜಾನ್ ಬರ್ಲ್ಯಾಂಡ್ ಅವರದು. ಒಂದು ಮಿಲಿಮೀಟರಿನವರೆಗಿನ ಬಿರುಕು ಬಣ್ಣದ ಕೆಲಸದಲ್ಲಿ ಮುಚ್ಚಿಹೋಗುತ್ತದೆ. ಐದರವರೆಗೆ ಬಂದರೆ ತುಂಬಿಸಬೇಕು, ಬಾಗಿಲು ಸ್ವಲ್ಪ ಹಿಡಿಯತೊಡಗುತ್ತದೆ. ಐದರಿಂದ ಹದಿನೈದಾದರೆ ಕೆಲವೆಡೆ ಇಟ್ಟಿಗೆ ಕಿತ್ತು ಮತ್ತೆ ಕಟ್ಟಬೇಕಾದೀತು, ನೀರಿನ ಕೊಳವೆ ಒಡೆಯಬಹುದು. ಇಪ್ಪತ್ತೈದು ದಾಟಿದರೆ ಕಟ್ಟಡದ ಸ್ಥಿರತೆಯ ಪ್ರಶ್ನೆ. ಅಗಲ ಒಂದನ್ನೇ ನೋಡಿ ತೀರ್ಪು ಕೊಡಬಾರದೆಂದು ಬರ್ಲ್ಯಾಂಡ್ ಎಚ್ಚರಿಸುತ್ತಾರೆ. ಬಿರುಕುಗಳು ಎಷ್ಟಿವೆ, ದುರಸ್ತಿ ಎಷ್ಟು ಸುಲಭ ಎಂಬುದನ್ನೂ ನೋಡಬೇಕು. ಮೊದಲ ಜರಡಿಯಲ್ಲಿ, ಇಳಿತ 10 ಮಿಲಿಮೀಟರಿಗೆ ಕಡಿಮೆ ಮತ್ತು ಓರೆ 500ಕ್ಕೆ 1ಕ್ಕಿಂತ ಕಡಿಮೆ ಇರುವ ಕಟ್ಟಡಗಳನ್ನು ಪಟ್ಟಿಯಿಂದ ಬಿಡುತ್ತಾರೆ. ಮಿಕ್ಕವನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ.

ಬೆಂಗಳೂರಿನ ಕೆಂಪುಮಣ್ಣು, ಅದರಡಿಯ ಬಂಡೆ ಬೇರೆ ಸ್ವಭಾವದವು, ಇಲ್ಲಿ ಸಾಮಾನ್ಯವಾಗಿ ತಳ ಉಬ್ಬುವ ಭಯವಿಲ್ಲ. ತುಂಬಿಸಿದ ಕೆರೆಯಂಗಳದಲ್ಲೋ ಕರಾವಳಿಯ ಅಳಿವೆಯ ಬದಿಯಲ್ಲೋ ಮೆದು ಹೂಳು ಸಿಕ್ಕರೆ ಮೇಲಿನ ಲೆಕ್ಕವೇ ಅನ್ವಯಿಸುತ್ತದೆ. ಪಕ್ಕದಲ್ಲಿ ಅಂಥ ಗುಂಡಿ ಏಳುತ್ತಿದ್ದರೆ ಮನೆಯವರು ಅಗೆತ ಶುರುವಾಗುವ ಮೊದಲೇ ಈಗಿರುವ ಬಿರುಕುಗಳ ದಿನಾಂಕಸಹಿತ ಫೋಟೊ ತೆಗೆಸಿ ಎರಡೂ ಕಡೆಯವರ ಸಹಿ ಹಾಕಿಸಿಕೊಳ್ಳಬೇಕು. ಇನ್‌ಕ್ಲಿನೋಮೀಟರ್ ಇದೆಯೇ, ಮಿತಿ ಎಷ್ಟು, ಮಿತಿ ದಾಟಿದರೆ ಕೆಲಸ ನಿಲ್ಲಿಸುವವರು ಯಾರು ಎಂದು ಕೇಳಬೇಕು. ಆ ಕೊನೆಯ ಪ್ರಶ್ನೆಗೆ ಗುತ್ತಿಗೆದಾರನ ಹೊರಗಿನ ಒಬ್ಬರ ಹೆಸರು ಉತ್ತರವಾಗಿ ಬರಬೇಕು. ನಿಕಲ್ ಹೈವೇಯ ನಂತರ ಸಿಂಗಪುರ ತಂದ ಬದಲಾವಣೆಯೂ ಈ ದಿಕ್ಕಿನದೇ: ಆಳದ ಅಗೆತಗಳ ವಿನ್ಯಾಸವನ್ನು ಮಣ್ಣಿನ ತಜ್ಞರೊಬ್ಬರು ಮಾಡಬೇಕು, ಸ್ವತಂತ್ರವಾದ ಇನ್ನೊಬ್ಬರು ಅದನ್ನು ಪರಿಶೀಲಿಸಬೇಕು.